‘ಘಮ್ ಅನ್ನೋವರೆಗೆ’ ಅಂದ್ರೆ ಎಲ್ಲಿವರೆಗೆ?

ಇವತ್ತಿನ ಮಾತು ಒಂದೇ ಒಂದು ಸಾಲಿನ ಬಗ್ಗೆ. ನಾನು ಅಡುಗೆ ವಿಡಿಯೋಗಳಿಗೆ ಕನ್ನಡ ಸಬ್‌ಟೈಟಲ್ ಬರೆಯೋ ಕೆಲಸ ಮಾಡ್ತೀನಿ. ವಿಡಿಯೋದಲ್ಲಿ ಅಡುಗೆಯವರು ಇಂಗ್ಲಿಷ್‌ನಲ್ಲಿ ಹೇಳ್ತಾ ಹೋಗ್ತಾರೆ, ಕೆಳಗೆ ಕನ್ನಡ ಬರಬೇಕು. ತಿದ್ದೋಕೆ ಅಂತ ನನ್ನ ಹತ್ರ ಬರೋ ಕರಡುಗಳಲ್ಲಿ ಇಂಥ ಸಾಲು ದಿನಾ ಸಿಗುತ್ತೆ. ಕೇಳಿ: “ಕೈತುಂಬ ಶೇಂಗಾವನ್ನು ಪರಿಮಳಯುಕ್ತವಾಗುವವರೆಗೆ ಹುರಿಯಿರಿ, ನಂತರ ಒಂದು ಚಿಟಿಕೆ ಉಪ್ಪನ್ನು ಸೇರಿಸಿ.”

ವ್ಯಾಕರಣ ಸರಿಯಾಗೇ ಇದೆ. ಒಂದು ಅಕ್ಷರ ತಪ್ಪಿಲ್ಲ. ಆದ್ರೆ ಇದನ್ನ ನಂಬಿ ಒಲೆ ಹಚ್ಚಿದವರಿಗೆ ಶೇಂಗಾ ಚಟ್ನಿಪುಡಿ ಸಿಗಲ್ಲ. ಎಷ್ಟು ಶೇಂಗಾ ಅಂತ ಗೊತ್ತಾಗಲ್ಲ, ಯಾವಾಗ ಇಳಿಸಬೇಕು ಅಂತ ಗೊತ್ತಾಗಲ್ಲ, ಉಪ್ಪಂತೂ ಸಾಲಲ್ಲ. ಇಲ್ಲಿ ಮೂರು ಅಳತೆ ಇವೆ: ಕೈತುಂಬ, ಪರಿಮಳ, ಚಿಟಿಕೆ. ಮೂರೂ ಕನ್ನಡದ ಪದಗಳೇ, ಆದ್ರೆ ಅಡುಗೆಮನೇಲಿ ನಾವು ಹೀಗೆ ಹೇಳಲ್ಲ. ಹಾಗಾದ್ರೆ ಹೇಗೆ ಹೇಳ್ತೀವಿ, ಯಾಕೆ ಹಾಗೆ ಹೇಳ್ತೀವಿ, ಅದನ್ನ ಈ ಚಟ್ನಿಪುಡಿ ಇಟ್ಕೊಂಡೇ ನೋಡೋಣ.

ಚಟ್ನಿಪುಡಿ ಯಾಕೆ ಅಂದ್ರೆ, ನಮ್ಮದು ಮೊಳಕಾಲ್ಮೂರು ಕಡೆ. ಜಟಿಂಗ ರಾಮೇಶ್ವರ ಬೆಟ್ಟ ಕಾಣೋ ಊರು. ಮಳೆ ಕಡಿಮೆ, ಹೊಲದ ತುಂಬ ಶೇಂಗಾ. ಪಕ್ಕದ ಚಳ್ಳಕೆರೆಗೆ ಎಣ್ಣೆ ಗಾಣಗಳಿಂದಾಗಿ ‘ಎಣ್ಣೆ ನಗರ’ ಅಂತಾನೇ ಹೆಸರು. ಬೆಟ್ಟ ಹತ್ತೋವಾಗ ರೊಟ್ಟಿ, ಚಟ್ನಿಪುಡಿ ಕಟ್ಕೊಂಡು ಹೋಗ್ತೀವಿ. ಅದು ಒಣ ಪದಾರ್ಥ, ಬಿಸಿಲಿಗೂ ಕೆಡಲ್ಲ. ಹಾಗಾಗಿ ಶೇಂಗಾ ಹುರಿಯೋ ಭಾಷೆ ನಮ್ಮ ಮನೆಗಳಲ್ಲಿ ಚೆನ್ನಾಗಿ ಪಳಗಿದೆ.

ಕೈತುಂಬ ಬೇರೆ, ಹಿಡಿ ಬೇರೆ

ಮೊದಲು ‘ಕೈತುಂಬ’. ಕನ್ನಡದಲ್ಲಿ ಕೈತುಂಬ ಸಂಬಳ ಅಂತೀವಿ, ಕೈತುಂಬ ಬಳೆ ಅಂತೀವಿ, ಕೈತುಂಬ ಕೆಲಸ ಅಂತೀವಿ. ಎಲ್ಲಾ ಕಡೆನೂ ಅರ್ಥ ಒಂದೇ, ಬೇಕಾದಷ್ಟಿದೆ, ಸಮೃದ್ಧಿಯಾಗಿದೆ ಅಂತ. ಅದು ಅಳತೆ ಅಲ್ಲ. ಇಂಗ್ಲಿಷ್‌ನವರು ಅಲ್ಲಿ ಹೇಳಿದ್ದು ಒಂದು ಕೈಯಲ್ಲಿ ಹಿಡಿಯೋಷ್ಟು ಅಂತ. ಅದಕ್ಕೆ ನಮ್ಮಲ್ಲಿ ಸಲೀಸಾದ ಪದ ಇದೆ: ಹಿಡಿ. ಒಂದು ಹಿಡಿ ಶೇಂಗಾ, ಒಂದು ಹಿಡಿ ಅವಲಕ್ಕಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು.

ಹಿಡಿ ಅನ್ನೋದರಲ್ಲಿ ಕೈಯ ಆಕಾರ ಇದೆ. ಡಬ್ಬಿಗೆ ಕೈ ಹಾಕಿ, ಬೆರಳು ಮುಚ್ಚಿ, ಮೇಲಕ್ಕೆ ಎತ್ತಿದಾಗ ಒಳಗೆ ಉಳಿಯೋದು ಹಿಡಿ. ಅಂಗೈ ಮೇಲೆ ಮಾಡಿ ರಾಶಿ ಹಾಕ್ಕೊಂಡ್ರೆ ಅದು ಹಿಡಿಗಿಂತ ಜಾಸ್ತಿ ಆಗುತ್ತೆ. ಎರಡೂ ಕೈ ಜೋಡಿಸಿ ದೋಣಿ ಥರ ಮಾಡಿದ್ರೆ ಅದಕ್ಕೆ ಬೇರೆ ಹೆಸರು, ಬೊಗಸೆ. ಮನೆಯ ತಕ್ಕಡೀಲಿ ತೂಗಿ ನೋಡಿದೆ. ನಮ್ಮವ್ವನ ಮುಚ್ಚಿದ ಹಿಡಿ ಶೇಂಗಾ ಸುಮಾರು 35 ಗ್ರಾಂ ಬಂತು, ಬೊಗಸೆ ಸುಮಾರು 150 ಗ್ರಾಂ. ಅಂದ್ರೆ ನಾಲ್ಕು ಹಿಡಿ ಸೇರಿದ್ರೆ ಒಂದು ಬೊಗಸೆ, ಹೆಚ್ಚೂಕಮ್ಮಿ. ನನ್ನ ತಮ್ಮನ ಹಿಡಿ 50 ಗ್ರಾಂ ಇತ್ತು. ಅವನ ಕೈ ದೊಡ್ಡದು.

ಹಾಗಾದ್ರೆ ಹಿಡಿ ಅನ್ನೋದು ನಂಬೋಕಾಗದ ಅಳತೆ ಅಲ್ವಾ? ಒಬ್ಬರೇ ಎಲ್ಲವನ್ನೂ ಅಳೆದ್ರೆ ತೊಂದರೆ ಇಲ್ಲ. ಕೈ ದೊಡ್ಡದಾದ್ರೆ ಶೇಂಗಾನೂ ಜಾಸ್ತಿ, ಅದೇ ಕೈಯಿಂದ ಹಾಕೋ ಕಡಲೆಬೇಳೆನೂ ಜಾಸ್ತಿ, ಅನುಪಾತ ಹಾಗೇ ಉಳಿಯುತ್ತೆ. ಕೆಡೋದು ಯಾವಾಗ ಅಂದ್ರೆ ಅರ್ಧ ಅಳತೆ ಕೈಯಿಂದ, ಅರ್ಧ ಚಮಚದಿಂದ ಆದಾಗ. “ಎರಡು ಹಿಡಿ ಶೇಂಗಾ, ಒಂದು ಚಮಚ ಉಪ್ಪು” ಅಂತ ಬರೆದ್ರೆ ನಮ್ಮವ್ವನ ಪುಡಿ ನನ್ನ ತಮ್ಮನ ಪುಡಿಗಿಂತ ಉಪ್ಪುಪ್ಪಾಗಿರುತ್ತೆ. ಸಬ್‌ಟೈಟಲ್ ಬರೆಯೋವಾಗ ನಾನು ಮೊದಲು ನೋಡೋದು ಇದನ್ನೇ. ಮುಖ್ಯ ಪದಾರ್ಥ ಹಿಡಿಯಲ್ಲಿದ್ರೆ ಉಪ್ಪು, ಖಾರವನ್ನ ‘ರುಚಿ ನೋಡಿ’ ಅಂತ ಬಿಡ್ತೀನಿ. ಉಪ್ಪಿಗೆ ಲೆಕ್ಕ ಇದ್ರೆ ಶೇಂಗಾಕ್ಕೂ ಲೋಟದ ಲೆಕ್ಕ ಕೊಡ್ತೀನಿ.

ಇನ್ನೊಂದು ಮಾತು. ‘ಒಂದು ಹಿಡಿ ಜನ’ ಅಂತ ಇಂಗ್ಲಿಷ್‌ನವರು ಹೇಳಿದ್ರೆ ಅದು ಬೆರಳೆಣಿಕೆಯಷ್ಟು ಜನ ಅಂತ. ಕರಡುಗಳಲ್ಲಿ ಕೆಲವು ಸಲ ಆ ಪದ ಅಡುಗೆಗೂ ನುಗ್ಗುತ್ತೆ, ‘ಬೆರಳೆಣಿಕೆಯಷ್ಟು ಗೋಡಂಬಿ’ ಅಂತ. ಅದನ್ನ ಓದಿದವರು ಐದೋ ಆರೋ ಎಣಿಸಿ ಹಾಕ್ತಾರೆ. ವಿಡಿಯೋದಲ್ಲಿ ಹಾಕಿರೋದು ಇಪ್ಪತ್ತೈದು.

ಚಿಟಿಕೆಗೆ ಎಷ್ಟು ಬೆರಳು?

ಈಗ ಚಿಟಿಕೆ. ಚಿಟಿಕೆ ಅಂದ್ರೆ ಬೆರಳ ತುದಿಯ ಕೆಲಸ. ಅದೇ ಬೆರಳಲ್ಲಿ ಸದ್ದು ಮಾಡಿದ್ರೆ ಚಿಟಿಕೆ ಹೊಡೆಯೋದು. ಗಡಿಯಾಚೆ ರಾಯದುರ್ಗದ ಕಡೆ ತೆಲುಗಿನವರು ಇದನ್ನೇ ‘ಚಿಟಿಕೆಡು’ ಅಂತಾರೆ, ಹಿಡಿಗೆ ‘ಪಿಡಿಕೆಡು’ ಅಂತಾರೆ. ಮೊಳಕಾಲ್ಮೂರು ಸಂತೇಲಿ ಎರಡೂ ಭಾಷೆ ಓಡಾಡುತ್ತೆ, ಅಳತೆ ಯಾರಿಗೂ ತಪ್ಪಲ್ಲ.

ಕನ್ನಡದ ಅಡುಗೆ ಮಾತಲ್ಲಿ ಚಿಟಿಕೆ ಎಲ್ಲದಕ್ಕೂ ಸಲ್ಲಲ್ಲ. ಅರಿಶಿನ ಚಿಟಿಕೆ, ಇಂಗು ಚಿಟಿಕೆ, ಅಡುಗೆ ಸೋಡಾ ಚಿಟಿಕೆ. ಜಾಸ್ತಿಯಾದ್ರೆ ಅಡುಗೆ ಕೆಡಿಸೋ ಪದಾರ್ಥಗಳು ಅವು. ಪಾಯಸಕ್ಕೆ ಉಪ್ಪು ಹಾಕೋದಾದ್ರೆ ಚಿಟಿಕೆ ಅಂತೀವಿ, ಅಲ್ಲಿ ಉಪ್ಪು ಗೊತ್ತಾಗಬಾರದು. ಆದ್ರೆ ಸಾರಿಗೆ, ಪಲ್ಯಕ್ಕೆ, ಚಟ್ನಿಗೆ ಯಾವ ಅಮ್ಮನೂ ಚಿಟಿಕೆ ಉಪ್ಪು ಅನ್ನಲ್ಲ. ಅಲ್ಲಿ ‘ರುಚಿಗೆ ತಕ್ಕಷ್ಟು’.

ಲೆಕ್ಕ ಮಾಡಿ ನೋಡಿ. ಮನೆಯ ತಕ್ಕಡಿ ಒಂದು ಗ್ರಾಂಗಿಂತ ಕಡಿಮೆ ತೋರಿಸಲ್ಲ, ಹಾಗಾಗಿ ಒಂದು ಚಿಟಿಕೆ ತೂಗೋಕಾಗಲ್ಲ. ಹತ್ತು ಚಿಟಿಕೆ ಹಾಕಿ ಹತ್ತರಿಂದ ಭಾಗಿಸಬೇಕು. ಹೆಬ್ಬೆರಳು, ತೋರುಬೆರಳು ಎರಡೇ ಸೇರಿಸಿ ಹಿಡಿದ ಪುಡಿ ಉಪ್ಪು ಹತ್ತು ಸಲಕ್ಕೆ 3 ಗ್ರಾಂ ಬಂತು. ನಡುಬೆರಳನ್ನೂ ಸೇರಿಸಿದಾಗ 6 ಗ್ರಾಂ. ಅಂದ್ರೆ ಒಂದು ಬೆರಳು ಸೇರಿಸಿದ್ರೆ ಚಿಟಿಕೆ ಎರಡು ಪಟ್ಟು. ಒಂದು ಬೊಗಸೆ ಶೇಂಗಾದ ಚಟ್ನಿಪುಡಿಗೆ ಸುಮಾರು 5 ಗ್ರಾಂ ಉಪ್ಪು ಬೇಕು, ಒಂದು ಸಣ್ಣ ಚಮಚ. ಮೂರು ಬೆರಳಿನ ಚಿಟಿಕೆಯಾದ್ರೆ ಎಂಟು. ‘ಒಂದು ಚಿಟಿಕೆ ಉಪ್ಪು ಸೇರಿಸಿ’ ಅಂತ ಸಬ್‌ಟೈಟಲ್ ಹೇಳಿದ್ರೆ ಪುಡಿ ಸಪ್ಪೆ.

ಯಾವ ಬೆರಳು ಅನ್ನೋದು ಸಣ್ಣ ವಿಷಯ ಅನ್ನಿಸಬಹುದು. ಆದ್ರೆ ಜೀವ ಉಳಿಸೋ ಕೆಲಸಕ್ಕೆ ಇದೇ ಅಳತೆ ಬಳಸಿದ್ದಾರೆ. ಬಾಂಗ್ಲಾದೇಶದಲ್ಲಿ ಬ್ರಾಕ್ ಅನ್ನೋ ಸಂಸ್ಥೆ 1980ರಿಂದ 1990ರವರೆಗೆ ಮನೆಮನೆಗೆ ಹೋಗಿ, ಭೇದಿಯಾದ ಮಕ್ಕಳಿಗೆ ಕೊಡೋ ಉಪ್ಪು ಬೆಲ್ಲದ ನೀರನ್ನ ತಾಯಂದಿರಿಗೆ ಹೇಳಿಕೊಡ್ತು. 1.2 ಕೋಟಿಗೂ ಹೆಚ್ಚು ಮನೆಗಳು. ಬಹಳ ಮನೆಗಳಲ್ಲಿ ಅಳತೆ ಚಮಚ ಇರಲಿಲ್ಲ, ಓದು ಬರಹನೂ ಇರಲಿಲ್ಲ. ಹಾಗಾಗಿ ಅಳತೆ ಕೈಯದ್ದೇ: ಅರ್ಧ ಸೇರು ನೀರಿಗೆ ಒಂದು ಹಿಡಿ ಬೆಲ್ಲ, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು. ಅಲ್ಲಿಗೇ ಬಿಡಲಿಲ್ಲ. ಉಪ್ಪು ತೋರುಬೆರಳಿನ ಮೊದಲ ಗೆರೆವರೆಗೆ ಬರಬೇಕು ಅಂತ ಗುರುತು ಕೊಟ್ರು. ತಾಯಂದಿರ ಕೈಯಲ್ಲೇ ಮಾಡಿಸಿ ನೋಡಿದ್ರು, ಅವರು ಮಾಡಿದ ನೀರಿನ ಮಾದರಿಗಳನ್ನ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿದ್ರು. ತಾಯಂದಿರು ಎಷ್ಟು ನೆನಪಿಟ್ಟುಕೊಂಡಿದ್ದಾರೆ ಅನ್ನೋದರ ಮೇಲೆ ಹೇಳಿಕೊಟ್ಟವರ ಸಂಬಳ ನಿಂತಿತ್ತು.

ಅಷ್ಟು ಎಚ್ಚರಿಕೆ ಯಾಕೆ ಅಂದ್ರೆ, ಉಪ್ಪು ಜಾಸ್ತಿಯಾದ ನೀರು ಮಗುವಿಗೆ ಅಪಾಯ. ಈಗ ನಮಗೆ ಓಆರ್‌ಎಸ್ ಪ್ಯಾಕೆಟ್ ಸುಲಭವಾಗಿ ಸಿಗುತ್ತೆ, ಮಗುವಿಗೆ ಕೊಡೋದಾದ್ರೆ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಲ್ಲಿ ಕಲಸಿ ಅದನ್ನೇ ಕೊಡಿ, ಚಿಟಿಕೆ ಲೆಕ್ಕ ಬೇಡ. ಅಡುಗೆಗೆ ನಾವು ತಗೋಬೇಕಾದ್ದು ಅವರ ಕ್ರಮವನ್ನ. ಚಿಟಿಕೆ ಅಂದ ತಕ್ಷಣ ಎಷ್ಟು ಬೆರಳು, ಯಾವ ಗೆರೆವರೆಗೆ ಅಂತ ಹೇಳಿದ್ರೆ ಚಿಟಿಕೆಯೂ ಒಂದು ಚಮಚದ ಹಾಗೆ ಕೆಲಸ ಮಾಡುತ್ತೆ. ಸಬ್‌ಟೈಟಲ್‌ನಲ್ಲಿ ಜಾಗ ಇರೋದು ಎರಡು ಸಾಲು. ಆದ್ರೂ ‘ಮೂರು ಬೆರಳಲ್ಲಿ ಒಂದು ಚಿಟಿಕೆ’ ಅಂತ ಬರೆಯೋಕೆ ಅಷ್ಟು ಜಾಗ ಸಾಕು.

ಹಸಿ ವಾಸನೆಯಿಂದ ಘಮದವರೆಗೆ

ಮೂರನೇದು, ಕಷ್ಟದ್ದು. ಇಂಗ್ಲಿಷ್ ಅಡುಗೆಯವರು ಯಾವುದಕ್ಕೂ ಒಂದೇ ಮಾತು ಹೇಳ್ತಾರೆ: ಒಳ್ಳೆ ವಾಸನೆ ಬರೋವರೆಗೆ. ಬೆಳ್ಳುಳ್ಳಿಗೂ ಅದೇ, ಮಸಾಲೆಗೂ ಅದೇ, ಶೇಂಗಾಕ್ಕೂ ಅದೇ. ಅದನ್ನ ಎಲ್ಲಾ ಕಡೆ ‘ಪರಿಮಳ ಬರುವವರೆಗೆ’ ಅಂತ ಹಾಕಿದ್ರೆ ಕರಾವಳಿಯವರಿಗೆ ಒಪ್ಪುತ್ತೆ. ಮಂಗಳೂರು, ಉಡುಪಿ ಕಡೆ ಅಡುಗೆಗೂ ಪರಿಮಳ ಅಂತಾರೆ. ನಮ್ಮ ಕಡೆ ಪರಿಮಳ ಅಂದ್ರೆ ಮಲ್ಲಿಗೆ, ಊದುಬತ್ತಿ. ಹುರಿದ ಶೇಂಗಾಕ್ಕೆ ಘಮ.

ಆದ್ರೆ ಪದ ಬದಲಿಸಿದ್ರೆ ಮುಗೀಲಿಲ್ಲ. ಕನ್ನಡ ಅಡುಗೆಮನೆಯಲ್ಲಿ ಮೂಗಿನ ಅಳತೆ ಒಂದಲ್ಲ, ಎರಡಿವೆ. ಒಂದು, ಇರೋ ವಾಸನೆ ಹೋಗಬೇಕು. ಇನ್ನೊಂದು, ಇಲ್ಲದ ವಾಸನೆ ಬರಬೇಕು. ಶುಂಠಿ ಬೆಳ್ಳುಳ್ಳಿ ಪೇಸ್ಟು, ಟೊಮೆಟೊ, ಕಡಲೆಹಿಟ್ಟು, ಇವಕ್ಕೆ ‘ಹಸಿ ವಾಸನೆ ಹೋಗೋವರೆಗೆ’ ಅಂತೀವಿ. ಅಲ್ಲಿ ಕಾಯೋದು ಒಂದು ವಾಸನೆ ಕಾಣೆಯಾಗೋದಕ್ಕೆ. ರವೆ, ಕೊತ್ತಂಬರಿ ಬೀಜ, ಶೇಂಗಾ, ಇವಕ್ಕೆ ‘ಘಮ್ ಅನ್ನೋವರೆಗೆ’. ಬೆಳ್ಳುಳ್ಳಿಗೆ ಘಮ್ ಅನ್ನೋವರೆಗೆ ಅಂತ ಹೇಳಿದ್ರೆ ಓದಿದವರು ಗೊಂದಲಕ್ಕೆ ಬೀಳ್ತಾರೆ. ಬೆಳ್ಳುಳ್ಳಿ ಎಣ್ಣೆಗೆ ಬಿದ್ದ ತಕ್ಷಣ ಘಮ್ ಅನ್ನುತ್ತೆ, ಆಗ ಇನ್ನೂ ಹಸಿಯಾಗೇ ಇರುತ್ತೆ.

ಮೂಗಿಗೆ ಸಿಗದ ಕಡೆ ಕಿವಿ ಇದೆ. ಸಾಸಿವೆ ಚಟಪಟ ಅನ್ನಬೇಕು. ಬೆಣ್ಣೆ ಕಾಯಿಸೋವಾಗ ಉಲ್ಟಾ, ಸದ್ದು ನಿಲ್ಲಬೇಕು. ಬೆಣ್ಣೆಯಲ್ಲಿರೋ ನೀರು ಕುದೀತಾ ಇರೋವರೆಗೂ ಸದ್ದಿರುತ್ತೆ. ನೀರು ಹೋದ್ಮೇಲೆ ಸದ್ದು ಅಡಗುತ್ತೆ, ಆಗ ತುಪ್ಪ ಆಯ್ತು ಅಂತ. ಗಡಿಯಾರ ನೋಡೋ ಅಗತ್ಯ ಇಲ್ಲ, ಪದಾರ್ಥವೇ ಹೇಳುತ್ತೆ.

ಈಗ ಶೇಂಗಾಕ್ಕೆ ಬರೋಣ. ಒಂದು ಬೊಗಸೆ ಶೇಂಗಾ, ದಪ್ಪ ತಳದ ಬಾಣಲೆ, ಸಣ್ಣ ಉರಿ. ಎಣ್ಣೆ ಬೇಡ. ಕೈ ಬಿಡದೆ ಆಡಿಸ್ತಾ ಇರಬೇಕು. ಮೊದಲ ಮೂರ್ನಾಲ್ಕು ನಿಮಿಷ ಏನೂ ಆಗಲ್ಲ, ಹಸಿ ಬಟಾಣಿ ಥರದ ವಾಸನೆ ಬರುತ್ತೆ. ಅದೇ ಹಸಿ ವಾಸನೆ. ಆಮೇಲೆ ಅಲ್ಲೊಂದು ಇಲ್ಲೊಂದು ‘ಟಪ್’ ಅಂತ ಸಿಡಿಯುತ್ತೆ, ಕಾಳಿನ ಮೇಲೆ ಕಂದು ಚುಕ್ಕೆ ಕಾಣುತ್ತೆ. ಸುಮಾರು ಹತ್ತು ನಿಮಿಷದ ಹೊತ್ತಿಗೆ ಘಮ ಏಳುತ್ತೆ. ಕಾಳಿನ ಒಳಗಿರೋ ಸಕ್ಕರೆ ಅಂಶ, ಪ್ರೋಟೀನ್ ಎರಡೂ ಶಾಖಕ್ಕೆ ಸೇರಿ ಹೊಸ ವಾಸನೆ ಹುಟ್ಟಿಸುತ್ತೆ, ಬಣ್ಣನೂ ಕೊಡುತ್ತೆ. ನೀರಿನಂಶ ಆರದೆ ಈ ಘಮ ಬರಲ್ಲ. ಹಾಗಾಗಿ ಘಮ್ ಅಂತು ಅಂದ್ರೆ ಕಾಳು ಒಣಗಿದೆ, ಪುಡಿ ಕೆಡದೆ ನಿಲ್ಲುತ್ತೆ ಅಂತ ಅರ್ಥ.

ಇಲ್ಲಿ ಒಂದು ತೊಡಕಿದೆ. ಘಮ್ ಅಂದಾಗ ಇಳಿಸಬೇಕೋ, ಘಮ್ ಅಂದ ಮೇಲೆ ಇನ್ನೂ ಸ್ವಲ್ಪ ಹೊತ್ತು ಬಿಡಬೇಕೋ? ಅವ್ವನಿಗೆ ಫೋನ್ ಮಾಡಿ ಕೇಳಿದೆ.

“ಅವ್ವ, ಘಮ್ ಅಂದ ಮೇಲೆ ಎಷ್ಟು ಹೊತ್ತು ಬಿಡ್ತೀಯ?”

“ಬಿಡೋದೇನು, ಒಲೆ ಆರಿಸೋದೇ. ಬಾಣಲೆ ಬಿಸಿಗೇ ಮಿಕ್ಕಿದ್ದು ಆಗುತ್ತೆ ಕಣವ್ವ.”

“ಆಯ್ತು ಅಂತ ಹೆಂಗೆ ಗೊತ್ತಾಗುತ್ತೆ?”

“ನಾಲ್ಕು ಕಾಳು ತಗೊಂಡು ಉಜ್ಜು. ಸಿಪ್ಪೆ ಬಿಡ್ತಾ? ಆಯ್ತು. ಬಿಸೀಲಿ ಕಡೀಬೇಡ, ಮೆತ್ತಗಿರುತ್ತೆ, ಹಸಿ ಅಂತ ಇನ್ನೂ ಹುರೀತೀಯ.”

ಈ ಕೊನೆಯ ಮಾತು ಯಾವ ಸಬ್‌ಟೈಟಲ್‌ನಲ್ಲೂ ನಾನು ನೋಡಿಲ್ಲ. ಬಿಸಿ ಶೇಂಗಾ ಮೆತ್ತಗಿರುತ್ತೆ, ಆರಿದ ಮೇಲೇ ಗರಿಗರಿ ಆಗೋದು. ಬಿಸಿಯಲ್ಲಿ ಕಡಿದು ನೋಡಿದವರು ‘ಇನ್ನೂ ಆಗಿಲ್ಲ’ ಅಂತ ಹುರೀತಾ ಹೋಗ್ತಾರೆ, ಪುಡಿ ಕಹಿಯಾಗುತ್ತೆ. ಹಾಗಾಗಿ ಕಡಿಯೋ ಬದಲು ಕಾಳನ್ನ ಎರಡು ಹೋಳು ಮಾಡಿ ಒಳಗಿನ ಬಣ್ಣ ನೋಡಿ. ಬಿಳಿಯಾಗಿದ್ರೆ ಹಸಿ, ತಿಳಿ ಜೇನಿನ ಬಣ್ಣ ಆಗಿದ್ರೆ ಸರಿ, ಕಂದಾಗಿದ್ರೆ ಹೊತ್ತು ಮೀರಿದೆ.

ಒಂದು ಮಿತಿಯನ್ನೂ ಹೇಳಲೇಬೇಕು. ನೆಗಡಿ ಆಗಿದ್ರೆ ಮೂಗಿನ ಅಳತೆ ನಡೆಯಲ್ಲ. ಒಲೆ ಮುಂದೆನೇ ತುಂಬ ಹೊತ್ತು ನಿಂತ್ರೂ ಅಷ್ಟೇ, ಮೂಗು ಆ ವಾಸನೆಗೆ ಒಗ್ಗಿಕೊಂಡು ಹೇಳೋದನ್ನ ನಿಲ್ಲಿಸುತ್ತೆ. ಬಾಗಿಲಾಚೆಯಿಂದ ಬಂದವರು “ಏನು ಘಮ್ ಅಂತಿದೆ” ಅಂದಾಗ ನಿಮಗೇ ಗೊತ್ತಾಗಿರಲ್ಲ. ಆಗ ಸಿಪ್ಪೆ ಮತ್ತು ಬಣ್ಣ ನೋಡಿ.

ಉಳಿದದ್ದು

ಹುರಿದ ಶೇಂಗಾ ಪೂರ್ತಿ ಆರಲಿ. ಅದೇ ಬಾಣಲೇಲಿ ಎಂಟು ಒಣಮೆಣಸಿನಕಾಯಿ ಗರಿಯಾಗೋವರೆಗೆ ಬೆಚ್ಚಗೆ ಮಾಡಿ. ಇದಕ್ಕೆ ಘಮ ಕಾಯಬೇಡಿ, ಘಾಟು ಬಂತು ಅಂದ್ರೆ ಆಗಲೇ ಸೀದಿದೆ. ಒಂದು ಸಣ್ಣ ಚಮಚ ಜೀರಿಗೆ, ಆರೇಳು ಎಸಳು ಬೆಳ್ಳುಳ್ಳಿ, ಅಡಿಕೆ ಗಾತ್ರದ ಹುಣಸೆಹಣ್ಣು. ‘ಅಡಿಕೆ ಗಾತ್ರ’ ಅನ್ನೋದನ್ನ ಗಮನಿಸಿ. ಉಂಡೆ ಕಟ್ಟೋಕೆ ಬರೋ ಪದಾರ್ಥಕ್ಕೆ ನಾವು ಕೈಯ ಅಳತೆ ಬಿಟ್ಟು ಕಾಯಿಯ ಅಳತೆ ಹಿಡೀತೀವಿ. ಚಟ್ನಿಗೆ ಅಡಿಕೆ ಗಾತ್ರ, ಸಾರಿಗೆ ನಿಂಬೆ ಗಾತ್ರ. ಇಂಗ್ಲಿಷ್ ವಿಡಿಯೋದಲ್ಲಿ ‘ಅಕ್ರೋಟು ಗಾತ್ರ’ ಅಂತ ಬಂದ್ರೆ ನಾನು ಸಣ್ಣ ನಿಂಬೆಹಣ್ಣಿನ ಗಾತ್ರ ಅಂತ ಬರೀತೀನಿ. ಓದೋರು ಕೈಯಲ್ಲಿ ಹಿಡಿದಿರೋ ಕಾಯಿಯೇ ಅಳತೆ ಆಗಬೇಕು.

ಮೊದಲು ಮೆಣಸಿನಕಾಯಿ, ಜೀರಿಗೆ, ಹುಣಸೆ, ಉಪ್ಪು ಪುಡಿ ಮಾಡಿ, ಆಮೇಲೆ ಬೆಳ್ಳುಳ್ಳಿ, ಕೊನೆಗೆ ಶೇಂಗಾ. ಶೇಂಗಾ ಹಾಕಿದ ಮೇಲೆ ಮಿಕ್ಸಿ ಬಿಟ್ಟು ಬಿಟ್ಟು ತಿರುಗಿಸಿ, ತರಿತರಿ ಆದಾಗ ನಿಲ್ಲಿಸಿ. ಒಂದೇ ಸಮನೆ ಓಡಿಸಿದ್ರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ. ಶೇಂಗಾ ಬಿಸಿಯಿದ್ದಾಗ ಹಾಕಿದ್ರೂ ಅದೇ ಗತಿ. ಹಸಿ ಬೆಳ್ಳುಳ್ಳಿಯಲ್ಲಿ ನೀರಿದೆ, ಹಾಗಾಗಿ ತಿಂಗಳಾನುಗಟ್ಟಲೆ ಇಡೋದಾದ್ರೆ ಬೆಳ್ಳುಳ್ಳಿಯನ್ನೂ ಹುರಿದು ಹಾಕಿ, ಇಲ್ಲಾ ಬಿಟ್ಟುಬಿಡಿ.

ನಮ್ಮ ಅಳತೆಗಳೆಲ್ಲ ‘ಅಷ್ಟು’ ಅನ್ನೋದರಲ್ಲಿ ಕೊನೆಯಾಗುತ್ತೆ: ಹಿಡಿಯಷ್ಟು, ಚಿಟಿಕೆಯಷ್ಟು, ರುಚಿಗೆ ತಕ್ಕಷ್ಟು. ಸ್ವಲ್ಪ ಹೆಚ್ಚೂಕಮ್ಮಿ ಆದ್ರೆ ಪರವಾಗಿಲ್ಲ ಅನ್ನೋದೂ ಆ ‘ಅಷ್ಟು’ವಿನಲ್ಲೇ ಇದೆ. ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಅಶೋಕನ ಶಾಸನ ಇದೆ, ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರದಲ್ಲೂ ಅದೇ ಶಾಸನದ ಪ್ರತಿಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಈ ಮೂರನ್ನೂ ಪತ್ತೆ ಮಾಡಿದ್ರು. ಬೆಟ್ಟದ ಮೇಲಿನ ಪ್ರತಿ ತುಂಬ ಸವೆದಿದೆ, ಬ್ರಹ್ಮಗಿರಿಯದ್ದು ಚೆನ್ನಾಗಿ ಓದೋಕೆ ಸಿಗುತ್ತೆ. ಅದರಲ್ಲಿ ರಾಜ ತನ್ನ ಲೆಕ್ಕ ಹೇಳೋದು ಎರಡೂವರೆ ವರ್ಷಕ್ಕಿಂತ ಸ್ವಲ್ಪ ಜಾಸ್ತಿ, ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಅನ್ನೋ ಥರ. ಆ ವರ್ಷಗಳ ಲೆಕ್ಕಕ್ಕೆ ತಿಂಗಳು, ದಿನ ಸೇರಿಸಿಲ್ಲ. ಜನರಿಗೆ ಹೇಳಬೇಕಾದ ಮಾತಿಗೆ ಅಷ್ಟು ಸಾಕಿತ್ತು.

ಹಾಗಾಗಿ ನಾನು ಗ್ರಾಂ ಲೆಕ್ಕಕ್ಕೆ ಎಲ್ಲವನ್ನೂ ಬದಲಿಸಿ ಅಂತ ಹೇಳ್ತಿಲ್ಲ. ಊರು ಬಿಟ್ಟು ಬಂದವರಿಗೆ ಮನೆಯ ಅಡುಗೆ ಸಿಗೋದು ಫೋನಿನಲ್ಲಿ. ಫೋನಿನಲ್ಲಿ ಕೈ ಕಾಣಲ್ಲ, ಘಮ ಬರಲ್ಲ. ‘ಎಷ್ಟು ಹಾಕ್ಲಿ?’ ಅಂತ ಕೇಳಿದ್ರೆ ‘ನೋಡ್ಕೊಂಡು ಹಾಕು’ ಅನ್ನೋ ಉತ್ತರ ಬರುತ್ತೆ, ಅಲ್ಲಿಗೆ ಮಾತು ಮುಗಿಯುತ್ತೆ. ಪ್ರಶ್ನೆ ಬದಲಿಸಿ. ಎಷ್ಟು ಬೆರಳಲ್ಲಿ? ಮುಚ್ಚಿದ ಹಿಡಿನಾ, ಬೊಗಸೆನಾ? ಮೊದಲು ಯಾವ ವಾಸನೆ ಹೋಗುತ್ತೆ, ಆಮೇಲೆ ಯಾವುದು ಬರುತ್ತೆ? ಬಂದ ಮೇಲೆ ಇಳಿಸೋದಾ, ಬಿಡೋದಾ? ಇದಕ್ಕೆಲ್ಲ ಅವರ ಹತ್ರ ಉತ್ತರ ಇದೆ, ಇಷ್ಟು ದಿನ ಯಾರೂ ಕೇಳಿರಲಿಲ್ಲ ಅಷ್ಟೇ. ಕರೆಯನ್ನ ರೆಕಾರ್ಡ್ ಮಾಡ್ಕೊಳ್ಳಿ, ಅವರಿಗೆ ಹೇಳಿನೇ ಮಾಡಿ.

ಶುರುವಿನ ಆ ಸಬ್‌ಟೈಟಲ್ ಕೊನೆಗೆ ಹೀಗಾಯ್ತು: “ಒಂದು ಹಿಡಿ ಶೇಂಗಾ ಸಣ್ಣ ಉರಿಯಲ್ಲಿ ಹುರೀರಿ. ಘಮ್ ಅಂದು ಸಿಪ್ಪೆ ಬಿಟ್ಟಾಗ ಇಳಿಸಿ. ಉಪ್ಪು ರುಚಿಗೆ ತಕ್ಕಷ್ಟು.” ಎರಡು ಸಾಲಿಗೆ ಸರಿಯಾಗಿ ಹಿಡೀತು.